ಫೋನ್ ನಂಬರ್, ಪಿನ್ ಕೋಡ್: ಸಂಖ್ಯೆಯಾಗಿ ಇಡೋದಾ, ಅಕ್ಷರವಾಗಿ ಇಡೋದಾ?

ದಾವಣಗೆರೆಯ ಮಂಡಿಪೇಟೆಯಲ್ಲಿ ಒಂದು ಬಟ್ಟೆ ಅಂಗಡಿ ಇದೆ. ಮದುವೆ ಜವಳಿಗೆ ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆಯಿಂದಲೂ ಜನ ಬರುತ್ತಾರೆ. ಅವರ ಗಿರಾಕಿಗಳ ಪಟ್ಟಿ ಮೊದಲು ರಟ್ಟಿನ ಪುಸ್ತಕದಲ್ಲಿತ್ತು. ಆಮೇಲೆ ಎಕ್ಸೆಲ್‌ಗೆ ಬಂತು. ಅಲ್ಲಿಂದ ಒಂದು ಚಿಕ್ಕ ಸಾಫ್ಟ್‌ವೇರ್‌ಗೆ ಬಂತು. ಆ ಸಾಫ್ಟ್‌ವೇರ್ ಬರೆದುಕೊಟ್ಟಿದ್ದು ನಾನೇ.

ಒಂದು ದಿನ ಅಂಗಡಿಯ ಅಣ್ಣ ಫೋನ್ ಮಾಡಿದರು. "ಹಬ್ಬದ ಮೆಸೇಜು ಹಳೇ ಗಿರಾಕಿಗಳಲ್ಲಿ ಸುಮಾರು ಜನಕ್ಕೆ ಹೋಗೇ ಇಲ್ಲ ನೋಡಪ್ಪ. ಇನ್ನೊಂದು, ಅಮೆರಿಕದ ಎಡಿಸನ್‌ನಲ್ಲಿರೋ ಒಬ್ಬರ ಮಗಳಿಗೆ ಸೀರೆ ಕಳಿಸಬೇಕು. ಕೊರಿಯರ್‌ನವರ ಕಂಪ್ಯೂಟರ್ ಪಿನ್ ಕೋಡ್ ತಪ್ಪು ಅಂತಿದೆ. ಪುಸ್ತಕದಲ್ಲಿ ಸರಿಯಾಗೇ ಬರೆದಿದ್ವಿ" ಅಂದರು.

ಎರಡೂ ದೂರಿಗೆ ಕಾರಣ ಒಂದೇ. ಮೊದಲಿಗೆ ಇದ್ದ ಸೊನ್ನೆ ಹೋಗಿತ್ತು. ಪುಸ್ತಕದಲ್ಲಿ 08820 ಅಂತ ಇದ್ದದ್ದು ಕಂಪ್ಯೂಟರಿನಲ್ಲಿ 8820 ಆಗಿತ್ತು. 08192 ಅಂತ ಶುರುವಾಗುವ ಲ್ಯಾಂಡ್‌ಲೈನ್ ನಂಬರುಗಳು 8192 ಅಂತ ಶುರುವಾಗುತ್ತಿದ್ದವು.

ಅದನ್ನು ಸರಿಮಾಡುವಾಗ ನನ್ನ ಮುಂದೆ ನಾಲ್ಕು ದಾರಿ ಇದ್ದವು. ಬರೀ ಸಂಖ್ಯೆಯಾಗಿ ಇಡುವುದು ಒಂದು. ಸಂಖ್ಯೆಯಾಗಿಯೇ ಇಟ್ಟು ತೋರಿಸುವಾಗ ಸೊನ್ನೆ ಸೇರಿಸುವುದು ಇನ್ನೊಂದು. ಬರೆದ ಹಾಗೇ ಅಕ್ಷರವಾಗಿ ಇಡುವುದು ಮೂರನೆಯದು. ಅಕ್ಷರವಾಗಿಯೇ, ಆದರೆ +91 ಸೇರಿಸಿ ಎಲ್ಲವನ್ನೂ ಒಂದೇ ಅಚ್ಚಿಗೆ ತಂದು ಇಡುವುದು ನಾಲ್ಕನೆಯದು. ನಾಲ್ಕನ್ನೂ ಒಂದೊಂದಾಗಿ ನೋಡೋಣ. ಅದಕ್ಕೂ ಮೊದಲು ಆ ಸೊನ್ನೆ ಏನು ಕೆಲಸ ಮಾಡುತ್ತೆ ಅಂತ ತಿಳಿಯಬೇಕು.

ನಮ್ಮ ಕಡೆ ಸೊನ್ನೆ ಹೋದರೆ ಗೊತ್ತಾಗುವುದಿಲ್ಲ

ದಾವಣಗೆರೆಯ ಎಸ್‌ಟಿಡಿ ಕೋಡ್ 08192. ಹಿರಿಯೂರು 08193, ಚಿತ್ರದುರ್ಗ 08194, ಚಳ್ಳಕೆರೆ 08195. ಮುಂದಿನ ಸೊನ್ನೆ "ಇದು ಬೇರೆ ಊರಿನ ಕರೆ" ಅಂತ ಎಕ್ಸ್‌ಚೇಂಜ್‌ಗೆ ಹೇಳುವ ಗುರುತು. ಆಮೇಲೆ ಊರಿನ ಕೋಡ್, ಆಮೇಲೆ ಮನೆಯ ನಂಬರ್. ಭಾರತದಲ್ಲಿ ಸೊನ್ನೆ ಬಿಟ್ಟು ಊರಿನ ಕೋಡ್ ಮತ್ತು ಮನೆಯ ನಂಬರ್ ಕೂಡಿಸಿದರೆ 10 ಅಂಕಿ ಬರುತ್ತೆ. ದಾವಣಗೆರೆಗೆ 4 ಮತ್ತು 6. ಬೆಂಗಳೂರಿಗೆ 2 ಮತ್ತು 8.

ತೊಂದರೆ ಇರುವುದು ಇಲ್ಲೇ. ಮೊಬೈಲ್ ನಂಬರ್ ಕೂಡ 10 ಅಂಕಿಯದು. 6, 7, 8 ಅಥವಾ 9ರಿಂದ ಶುರುವಾಗುತ್ತೆ. ದೆಹಲಿಯ 011ರ ನಂಬರಿನಿಂದ ಸೊನ್ನೆ ಬಿದ್ದುಹೋದರೆ ಉಳಿಯುವುದು 11ರಿಂದ ಶುರುವಾಗುತ್ತೆ. ಅಂಥ ಮೊಬೈಲ್ ಇಲ್ಲ, ಹಾಗಾಗಿ ಸಾಫ್ಟ್‌ವೇರ್ ತಕ್ಷಣ "ತಪ್ಪು" ಅನ್ನುತ್ತೆ. ಮುಂಬೈಯ 022 ಕೂಡ ಹಾಗೇ ಸಿಕ್ಕಿಬೀಳುತ್ತೆ. ಆದರೆ ಕರ್ನಾಟಕದ ಕೋಡ್‌ಗಳು 08ರಿಂದ ಶುರು: 080, 0821, 0836, 08192. ಸೊನ್ನೆ ಹೋದರೆ ಉಳಿಯುವುದು 8ರಿಂದ ಶುರುವಾಗುವ 10 ಅಂಕಿ. ನೋಡೋಕೆ ಥೇಟ್ ಮೊಬೈಲ್ ನಂಬರ್. 08192-123456 ಅನ್ನುವುದು 8192123456 ಆದರೆ ಯಾವ ಪರೀಕ್ಷೆಯೂ ಅದನ್ನು ತಡೆಯುವುದಿಲ್ಲ. (ಈ ನಂಬರ್ ಬರೀ ಉದಾಹರಣೆಗೆ.) ಸಾಫ್ಟ್‌ವೇರ್ ಅದನ್ನು ಮೊಬೈಲ್ ಅಂದುಕೊಂಡು ಎಸ್ಸೆಮ್ಮೆಸ್ ಕಳಿಸುತ್ತೆ. ನಮ್ಮ ಅಂಗಡಿಯಲ್ಲಿ ಆಗಿದ್ದು ಅದೇ.

ಪಿನ್ ಕೋಡ್‌ನ ಕಥೆ ಇನ್ನೊಂದು ಥರ. ನಮ್ಮಲ್ಲಿ ಪಿನ್ ಕೋಡ್ ಬಂದಿದ್ದು 1972ರ ಆಗಸ್ಟ್ 15ರಂದು. ಮೊದಲ ಅಂಕಿ 1ರಿಂದ 9ರವರೆಗೆ ಮಾತ್ರ. 9 ಸೇನೆಯ ಅಂಚೆಗೆ. ಸೊನ್ನೆಯಿಂದ ಶುರುವಾಗುವ ಪಿನ್ ಕೋಡ್ ಭಾರತದಲ್ಲಿ ಇಲ್ಲವೇ ಇಲ್ಲ. ದಾವಣಗೆರೆಯ 577001, ಚಿತ್ರದುರ್ಗದ 577501 ಎರಡನ್ನೂ ಸಂಖ್ಯೆಯಾಗಿ ಇಟ್ಟರೂ ಏನೂ ಆಗುವುದಿಲ್ಲ. ಹಾಗಾಗಿ ಎಷ್ಟೋ ಜನ "ಪಿನ್ ಕೋಡ್‌ಗೆ ಸಂಖ್ಯೆ ಸಾಕು" ಅಂತ ತೀರ್ಮಾನ ಮಾಡಿಬಿಡುತ್ತಾರೆ. ವರ್ಷಗಟ್ಟಲೆ ಸರಿಯಾಗೇ ನಡೆಯುತ್ತೆ. ಒಂದು ದಿನ ನ್ಯೂಜೆರ್ಸಿಯ ವಿಳಾಸ ಬರುತ್ತೆ.

ನ್ಯೂಜೆರ್ಸಿಯ ಅಂಚೆ ಕೋಡ್‌ಗಳು 07, 08ರಿಂದ ಶುರು. ಬಾಸ್ಟನ್ ಕಡೆಯವು 02ರಿಂದ. ಜರ್ಮನಿಯ ಡ್ರೆಸ್ಡೆನ್ ಕೋಡ್‌ಗಳು 01ರಿಂದ, ಲೈಪ್‌ಜಿಗ್ 04ರಿಂದ. ಸಿಂಗಪುರದ ಮರೀನಾ ಬೇ ಸುತ್ತಮುತ್ತ 01ರಿಂದ ಶುರುವಾಗುವ ಆರಂಕಿ ಕೋಡ್ ಇದೆ. ನಮ್ಮೂರಿನ ಮಕ್ಕಳು ಕೆಲಸಕ್ಕೆ ಹೋಗಿರುವ ಊರುಗಳೇ ಇವೆಲ್ಲ, ಅಲ್ವಾ?

ಇಲ್ಲೂ ತಪ್ಪು ಯಾವಾಗಲೂ ತಪ್ಪಿನ ಹಾಗೆ ಕಾಣುವುದಿಲ್ಲ. ಎಡಿಸನ್‌ನ 08820ರಲ್ಲಿ ಸೊನ್ನೆ ಹೋದರೆ 8820. ಸ್ವಿಟ್ಜರ್ಲೆಂಡಿನಲ್ಲಿ ಅಂಚೆ ಕೋಡ್ ನಾಲ್ಕೇ ಅಂಕಿ. ಅಲ್ಲಿ 8820 ಅಂದರೆ ಜ್ಯೂರಿಕ್ ಹತ್ತಿರದ ವೇಡೆನ್ಸ್‌ವಿಲ್ ಅನ್ನುವ ನಿಜವಾದ ಊರು. ದೇಶದ ಹೆಸರು ಪಕ್ಕದಲ್ಲಿ ಬರೆದಿಲ್ಲ ಅಂದರೆ ಈ 8820 ಯಾವುದು ಅಂತ ಹೇಳೋಕೆ ದಾರಿಯೇ ಇಲ್ಲ.

ಮೊದಲ ದಾರಿ: ಬರೀ ಸಂಖ್ಯೆ

ಇದರ ಪರವಾಗಿ ಹೇಳುವುದು ಎರಡು ಮಾತು. ಜಾಗ ಕಡಿಮೆ ಸಾಕು, ಮತ್ತೆ ಅಕ್ಷರಗಳು ನುಸುಳುವುದಿಲ್ಲ.

ಜಾಗದ ಲೆಕ್ಕ ನೋಡೋಣ. ಡೇಟಾಬೇಸ್‌ನಲ್ಲಿ ದೊಡ್ಡ ಸಂಖ್ಯೆಯ ಕಾಲಂ ಆದ `BIGINT` 8 ಬೈಟ್ ತಗೊಳ್ಳುತ್ತೆ. +91 ಸೇರಿಸಿದ ಫೋನ್ ನಂಬರ್ ಅಕ್ಷರವಾಗಿ 13, ಜೊತೆಗೆ ಉದ್ದ ಬರೆದಿಡೋಕೆ 1, ಒಟ್ಟು 14 ಬೈಟ್. ಒಬ್ಬ ಗಿರಾಕಿಗೆ 6 ಬೈಟ್ ಜಾಸ್ತಿ. ಒಂದು ಲಕ್ಷ ಗಿರಾಕಿ ಇದ್ದರೆ 6 ಲಕ್ಷ ಬೈಟ್. ಮೊಬೈಲಿನಲ್ಲಿ ತೆಗೆದ ಒಂದು ಫೋಟೋಗೆ ಇದಕ್ಕಿಂತ ಜಾಸ್ತಿ ಜಾಗ ಬೇಕು. ಇದಕ್ಕೋಸ್ಕರ ನಂಬರ್ ಕಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಸಾಮಾನ್ಯ `INT` ಆರಿಸಿದರೆ ಇನ್ನೂ ಕಷ್ಟ. ಅದು ಹಿಡಿಯುವ ದೊಡ್ಡ ಸಂಖ್ಯೆ 2147483647. ನಮ್ಮ ಮೊಬೈಲ್ ನಂಬರ್ ಎಲ್ಲವೂ ಇದಕ್ಕಿಂತ ದೊಡ್ಡವು. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಆದರೆ `integer out of range` ಅಂತ ನಿಂತುಬಿಡುತ್ತೆ. ಅದು ಒಳ್ಳೆಯದೇ, ಆಗಲೇ ಗೊತ್ತಾಗುತ್ತೆ. ಆದರೆ ಮೈಎಸ್‌ಕ್ಯೂಎಲ್ ಅನ್ನುವ ಇನ್ನೊಂದು ಡೇಟಾಬೇಸ್‌ನಲ್ಲಿ ಕಟ್ಟುನಿಟ್ಟಿನ ಮೋಡ್ ಆಫ್ ಆಗಿದ್ದರೆ ಸುಮ್ನೆ ಒಂದು ಎಚ್ಚರಿಕೆ ಬರೆದು, ಹಿಡಿಸುವಷ್ಟನ್ನು ಇಟ್ಟುಕೊಳ್ಳುತ್ತೆ. ಪಟ್ಟಿಯಲ್ಲಿ ಎಲ್ಲರ ಫೋನ್ ನಂಬರೂ 2147483647 ಅಂತ ಕಂಡರೆ ಇದೇ ಆಗಿದೆ ಅಂತ ತಿಳಿಯಿರಿ. ಮೂಲ ಪಟ್ಟಿ ಬೇರೆ ಕಡೆ ಇಲ್ಲದಿದ್ದರೆ ಆ ನಂಬರುಗಳು ವಾಪಸ್ ಬರುವುದಿಲ್ಲ.

ನಾನು ಈ ದಾರಿಯನ್ನು ಬಿಟ್ಟಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಒಂದಿದೆ. ಫೋನ್ ನಂಬರಾಗಲಿ ಪಿನ್ ಕೋಡಾಗಲಿ ಎಷ್ಟು ಅಂತ ಹೇಳುವ ಸಂಖ್ಯೆ ಅಲ್ಲ. ಇಬ್ಬರ ಫೋನ್ ನಂಬರನ್ನು ಯಾರೂ ಕೂಡುವುದಿಲ್ಲ. ಪಿನ್ ಕೋಡನ್ನು ಓದುವುದೇ ತುಂಡು ತುಂಡಾಗಿ. 577 ಅಂದರೆ ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗ, ಚಿಕ್ಕಮಗಳೂರು ಈ ಭಾಗ. ಮುಂದಿನ ಮೂರು ಅಂಕಿ ಅಂಚೆ ಕಚೇರಿ. "577ರಿಂದ ಶುರುವಾಗುವ ವಿಳಾಸಗಳನ್ನೆಲ್ಲ ಕೊಡು" ಅಂತ ಕೇಳೋಕೆ ಅಕ್ಷರದಲ್ಲೇ ಸುಲಭ:

```sql
SELECT hesaru FROM giraki
WHERE desha = 'IN' AND anche_code LIKE '577%';
```

ಎರಡನೇ ದಾರಿ: ಒಳಗೆ ಸಂಖ್ಯೆ, ಹೊರಗೆ ಸೊನ್ನೆ

ಎಕ್ಸೆಲ್‌ನಲ್ಲಿ ಸೆಲ್ ಫಾರ್ಮ್ಯಾಟ್ ಬದಲಿಸಿ Custom ಅಡಿಯಲ್ಲಿ `00000` ಅಂತ ಕೊಟ್ಟರೆ 8820 ಇದ್ದದ್ದು 08820 ಅಂತ ಕಾಣುತ್ತೆ. ಎಷ್ಟೋ ಜನ ಇಲ್ಲಿಗೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಒಳಗಿರುವುದು 8820ನೇ. ಆ ಹಾಳೆಯಿಂದ ವರ್ಡ್‌ಗೆ ಮೇಲ್ ಮರ್ಜ್ ಮಾಡಿ ವಿಳಾಸದ ಚೀಟಿ ಅಚ್ಚು ಹಾಕಿದರೆ ಸೊನ್ನೆ ಮತ್ತೆ ಮಾಯವಾಗಬಹುದು. ಇನ್ನೊಂದು ಹಾಳೆಯಲ್ಲಿ ಅಕ್ಷರವಾಗಿ ಇರುವ 08820 ಜೊತೆ `VLOOKUP` ಹಾಕಿದರೆ ಎರಡೂ ಕಣ್ಣಿಗೆ ಒಂದೇ ಥರ ಕಂಡರೂ `#N/A` ಬರುತ್ತೆ.

ಮೈಎಸ್‌ಕ್ಯೂಎಲ್‌ನ `ZEROFILL` ಇದೇ ಜಾತಿಯದು. ಅದನ್ನು 8.0.17ರಿಂದ ಬಳಸಬೇಡಿ ಅಂತ ಅವರೇ ಹೇಳಿದ್ದಾರೆ. ಅದರ ಅಗಲ ಇಡೀ ಕಾಲಂಗೆ ಒಂದೇ. ನಮ್ಮ ಪಿನ್ ಕೋಡ್‌ಗೆ ಅಂತ ಆರು ಅಂಕಿ ಕೊಟ್ಟರೆ ಎಡಿಸನ್ 008820 ಆಗುತ್ತೆ. ಐದು ಕೊಟ್ಟರೆ ಸಿಂಗಪುರದ ಸೊನ್ನೆ ಹೋಗುತ್ತೆ. ಎಲ್ಲವೂ ಒಂದೇ ದೇಶದ, ಒಂದೇ ಉದ್ದದ ಕೋಡ್ ಆಗಿದ್ದರೆ ಮಾತ್ರ ಈ ದಾರಿ ಸರಿಹೋಗುತ್ತೆ. ಬ್ರಿಟನ್, ಕೆನಡಾಗಳ ಅಂಚೆ ಕೋಡ್‌ನಲ್ಲಿ ಇಂಗ್ಲಿಷ್ ಅಕ್ಷರಗಳೇ ಇರುತ್ತವೆ. ಅವು ಈ ಎರಡು ದಾರಿಗಳಲ್ಲೂ ಒಳಗೆ ಬರುವುದಿಲ್ಲ.

ಈಗಾಗಲೇ ಹಾಳಾದ ಪಟ್ಟಿಯನ್ನು ಸರಿಮಾಡುವಾಗ ಈ ಉಪಾಯ ನಡುವಿನ ಹೆಜ್ಜೆಯಾಗಿ ಉಪಯೋಗಕ್ಕೆ ಬರುತ್ತೆ. ಅದನ್ನು ಕೊನೆಗೆ ಹೇಳುತ್ತೇನೆ.

ಮೂರನೇ ದಾರಿ: ಬರೆದ ಹಾಗೇ ಅಕ್ಷರ

ಇಲ್ಲಿ ಸೊನ್ನೆ ಉಳಿಯುತ್ತೆ. ಅಡ್ಡಗೆರೆ ಉಳಿಯುತ್ತೆ. ಬ್ರಿಟನ್ನಿನ ಕೋಡ್ ಕೂಡ ಹಿಡಿಸುತ್ತೆ. ಅಂಚೆ ಕೋಡ್‌ಗೆ 10 ಅಕ್ಷರದ `VARCHAR` ಸಾಕು. ಅಮೆರಿಕದ ಉದ್ದನೆಯ ಕೋಡ್ ಐದು ಅಂಕಿ, ಅಡ್ಡಗೆರೆ, ನಾಲ್ಕು ಅಂಕಿ ಸೇರಿ ಸರಿಯಾಗಿ 10.

ಆದರೆ ಹೆಸರು ನೋಡಿ "ಇದು ಅಕ್ಷರದ ಕಾಲಂ" ಅಂತ ನಂಬಬೇಡಿ. ನಾನು ಎಡವಿದ್ದು ಇಲ್ಲೇ. ಅಂಗಡಿಯ ಸಾಫ್ಟ್‌ವೇರ್‌ಗೆ ಎಸ್‌ಕ್ಯೂಲೈಟ್ ಅನ್ನುವ ಚಿಕ್ಕ ಡೇಟಾಬೇಸ್ ಬಳಸಿದ್ದೆ. ಫೋನ್ ಕಾಲಂಗೆ `STRING` ಅಂತ ಕೊಟ್ಟಿದ್ದೆ. ಬೇರೆ ಭಾಷೆಗಳಲ್ಲಿ ಆ ಪದಕ್ಕೆ ಅಕ್ಷರಮಾಲೆ ಅಂತಲೇ ಅರ್ಥ. ಎಸ್‌ಕ್ಯೂಲೈಟ್‌ನಲ್ಲಿ ಹಾಗಲ್ಲ. ಅದಕ್ಕೆ ಗೊತ್ತಿರುವ ಪದ `TEXT`. `STRING` ಅಂದರೆ ಅದು ಸಂಖ್ಯೆಯ ಕಡೆಗೇ ವಾಲುತ್ತೆ. ಬಂದದ್ದು ಸಂಖ್ಯೆಯ ಹಾಗೆ ಕಂಡರೆ ಸಂಖ್ಯೆ ಮಾಡಿ ಇಟ್ಟುಕೊಳ್ಳುತ್ತೆ. ನೀವೇ ನೋಡಬಹುದು:

```sql
CREATE TABLE t (a STRING, b TEXT);
INSERT INTO t VALUES ('08192123456', '08192123456');
SELECT a, typeof(a), b, typeof(b) FROM t;
-- 8192123456|integer|08192123456|text
```

ಇದರಿಂದ ಒಂದು ವಿಚಿತ್ರ ಆಯಿತು. ಪಟ್ಟಿಯಲ್ಲಿ ಕೆಲವು ಲ್ಯಾಂಡ್‌ಲೈನ್ ನಂಬರುಗಳ ಸೊನ್ನೆ ಉಳಿದಿತ್ತು, ಕೆಲವಕ್ಕೆ ಹೋಗಿತ್ತು. ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಗೊತ್ತಾಯಿತು. ಅಂಗಡಿಯ ಹಳೇ ಗುಮಾಸ್ತರು 08192-123456 ಅಂತ ನಡುವೆ ಅಡ್ಡಗೆರೆ ಹಾಕಿ ಟೈಪ್ ಮಾಡುತ್ತಿದ್ದರು. ಅಡ್ಡಗೆರೆ ಇದ್ದದ್ದು ಸಂಖ್ಯೆಯಲ್ಲ ಅಂತ ಎಸ್‌ಕ್ಯೂಲೈಟ್ ಅದನ್ನು ಮುಟ್ಟಲಿಲ್ಲ. ಎಕ್ಸೆಲ್ ಕೂಡ ಮುಟ್ಟಿರಲಿಲ್ಲ. ಆಮೇಲೆ ಬಂದ ಹುಡುಗ ಬೇಗ ಆಗಲಿ ಅಂತ ಒಟ್ಟಿಗೆ ಟೈಪ್ ಮಾಡಿದ್ದ. ಅವನು ಸೇರಿಸಿದ ಸಾಲುಗಳಲ್ಲಿ ಸೊನ್ನೆ ಹೋಗಿತ್ತು. ನಿಮ್ಮ ಪಟ್ಟಿಯಲ್ಲೂ ಅಡ್ಡಗೆರೆ ಇದ್ದ ನಂಬರುಗಳು ಮಾತ್ರ ಸರಿಯಾಗಿದ್ದರೆ, ಎಲ್ಲೋ ಒಂದು ಕಡೆ ಅಕ್ಷರವನ್ನು ಸಂಖ್ಯೆ ಮಾಡುವ ಹೆಜ್ಜೆ ಇದೆ ಅಂತ ತಿಳಿಯಿರಿ. ಎಸ್‌ಕ್ಯೂಲೈಟ್ 3.37ರಿಂದ ಟೇಬಲ್‌ನ ಕೊನೆಗೆ `STRICT` ಅಂತ ಬರೆಯಬಹುದು. ಆಗ `STRING` ಅಂತ ಕೊಟ್ಟರೆ ಟೇಬಲ್ ಮಾಡೋಕೇ ಬಿಡುವುದಿಲ್ಲ. ನಾನು ಈಗ ಹಾಗೇ ಬರೆಯುತ್ತೇನೆ.

ಬರೆದ ಹಾಗೇ ಇಡುವುದರಲ್ಲಿ ನಿಜವಾದ ಒಂದು ಕೊರತೆಯೂ ಇದೆ. ಒಂದೇ ನಂಬರ್ ಹತ್ತು ವೇಷದಲ್ಲಿ ಕೂತಿರುತ್ತೆ. ಒಬ್ಬರು ಅಡ್ಡಗೆರೆ ಹಾಕುತ್ತಾರೆ, ಒಬ್ಬರು ಜಾಗ ಬಿಡುತ್ತಾರೆ, ಒಬ್ಬರು ಮೊಬೈಲ್‌ಗೂ ಮುಂದೆ ಸೊನ್ನೆ ಹಾಕುತ್ತಾರೆ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲ್‌ಗೆ ಮಾಡೋಕೆ ಸೊನ್ನೆ ಒತ್ತಲೇಬೇಕಾಯಿತಲ್ಲ, ಆಮೇಲೆ ಹಾಗೆ ಬರೆಯುವವರು ನಮ್ಮ ಅಂಗಡಿಯಲ್ಲೂ ಜಾಸ್ತಿಯಾದರು. ಇಂಗ್ಲಿಷಿನ O ಅಕ್ಷರವನ್ನು ಸೊನ್ನೆ ಅಂತ ಒತ್ತುವವರೂ ಇದ್ದಾರೆ.

ಕನ್ನಡ ಕೀಬೋರ್ಡ್ ಆನ್ ಇದ್ದರೆ ೦೮೧೯೨ ಅಂತಲೂ ಬರುತ್ತೆ. ಇದು ನಮಗೇ ಇರುವ ತೊಡಕು. ಪೈಥಾನ್‌ನಲ್ಲಿ `isdigit()` ಕನ್ನಡದ ಅಂಕಿಗೂ ಹೌದು ಅನ್ನುತ್ತೆ. ಅಕ್ಷರಗಳ ಮಾದರಿ ಹೊಂದಿಸಿ ನೋಡುವ ರೆಜೆಕ್ಸ್‌ನ `\d` ಕೂಡ ಅದನ್ನು ಒಪ್ಪುತ್ತೆ. ಪರೀಕ್ಷೆಯಲ್ಲಿ ಪಾಸಾದ ಆ ನಂಬರ್ ಎಸ್ಸೆಮ್ಮೆಸ್ ಕಳಿಸುವವರ ಕಡೆ ಹೋಗಿ ಬಿದ್ದುಹೋಗುತ್ತೆ. ಪರೀಕ್ಷೆಗೆ `[0-9]` ಅಂತಲೇ ಬರೆಯಿರಿ. ಕನ್ನಡದ ಅಂಕಿ ಕಂಡರೆ ತಿರಸ್ಕರಿಸಬೇಡಿ, ಇಂಗ್ಲಿಷ್ ಅಂಕಿಗೆ ಬದಲಿಸಿಕೊಳ್ಳಿ. ಗಿರಾಕಿ ತಪ್ಪೇನೂ ಮಾಡಿಲ್ಲ.

ನಾಲ್ಕನೇ ದಾರಿ: +91 ಜೊತೆ ಒಂದೇ ಅಚ್ಚು

ಫೋನ್ ನಂಬರುಗಳಿಗೆ ಅಂತಲೇ ಜಗತ್ತಿಗೆಲ್ಲ ಒಪ್ಪಿತವಾದ ಒಂದು ಬಗೆ ಇದೆ. ಅದರ ಹೆಸರು ಇ.164. ಮೊದಲು ಕೂಡಿಸುವ ಗುರುತು, ಆಮೇಲೆ ದೇಶದ ಕೋಡ್, ಆಮೇಲೆ ದೇಶದೊಳಗಿನ ನಂಬರ್. ಅಂಕಿಗಳು 15ಕ್ಕಿಂತ ಜಾಸ್ತಿ ಇರಬಾರದು. ನಡುವೆ ಜಾಗ, ಅಡ್ಡಗೆರೆ ಇಲ್ಲ. ಇದರಲ್ಲಿ 08192-123456 ಅನ್ನುವುದು +918192123456 ಆಗುತ್ತೆ.

ನೋಡಿ, ಇಲ್ಲಿ ನಾವೇ ಸೊನ್ನೆ ತೆಗೆದೆವು! ಇಷ್ಟು ಹೊತ್ತು ಸೊನ್ನೆ ಉಳಿಸಬೇಕು ಅಂದಿದ್ದು ಯಾಕೆ ಹಾಗಾದರೆ? ವ್ಯತ್ಯಾಸ ಇದೆ. ಭಾರತದಲ್ಲಿ ಆ ಸೊನ್ನೆ ನಂಬರಿನ ಭಾಗ ಅಲ್ಲ, ದೇಶದ ಒಳಗೆ ಡಯಲ್ ಮಾಡುವಾಗ ಹಾಕುವ ಮುನ್ನುಡಿ. ಅದರ ಜಾಗಕ್ಕೆ +91 ಬಂತು. ಗೊತ್ತಿದ್ದು, ನಿಯಮದ ಪ್ರಕಾರ ತೆಗೆದದ್ದು. ಬೇಕಾದಾಗ ವಾಪಸ್ ಹಾಕಬಹುದು. ತಾನಾಗಿ ಉದುರಿಹೋದರೆ ಆ ಸಾಲಿನಲ್ಲಿ ಮೊದಲು ಏನಿತ್ತು ಅಂತ ಹೇಳೋಕಾಗುವುದಿಲ್ಲ.

ಇದೇ ನಿಯಮ ಎಲ್ಲಾ ದೇಶಕ್ಕೂ ಅಂತ ಅಂದುಕೊಳ್ಳಬೇಡಿ. ಇಟಲಿಯಲ್ಲಿ ಲ್ಯಾಂಡ್‌ಲೈನಿನ ಸೊನ್ನೆ ನಂಬರಿನದೇ ಭಾಗ. ರೋಮ್‌ಗೆ ಹೊರದೇಶದಿಂದ ಮಾಡುವಾಗಲೂ +39 06 ಅಂತಲೇ ಒತ್ತಬೇಕು. "ದೇಶದ ಕೋಡ್ ಹಾಕಿದ ಮೇಲೆ ಸೊನ್ನೆ ಕಿತ್ತುಹಾಕು" ಅಂತ ಒಂದು ಸಾಲಿನ ಕೋಡ್ ಬರೆದರೆ ಅಲ್ಲಿ ಕರೆ ಹೋಗುವುದಿಲ್ಲ. ಹೊರದೇಶದ ನಂಬರುಗಳು ಬರುವಂತಿದ್ದರೆ ಈ ಕೆಲಸವನ್ನು ಗೂಗಲ್‌ನ `libphonenumber` ಲೈಬ್ರರಿಗೆ ಬಿಡಿ. ದೇಶಗಳ ನಿಯಮ ಅದರಲ್ಲಿದೆ.

ಇನ್ನೊಂದು ಮಾತು. +918192123456 ಅಂತ ಬರೆದ ಮೇಲೆ ಇದು ಲ್ಯಾಂಡ್‌ಲೈನಾ ಮೊಬೈಲಾ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಅದಕ್ಕೆ ಬೇರೆ ಕಾಲಂ ಇಡಿ, ಮತ್ತೆ ಗಿರಾಕಿ ಬರೆದುಕೊಟ್ಟ ರೂಪವನ್ನೂ ಪಕ್ಕದಲ್ಲಿ ಹಾಗೇ ಇಡಿ. ನನ್ನ ಟೇಬಲ್ ಈಗ ಹೀಗಿದೆ:

```sql
CREATE TABLE giraki (
  hesaru     TEXT,
  phone_mula TEXT,  -- '08192-123456'
  phone      TEXT,  -- '+918192123456'
  phone_bage TEXT,  -- 'landline'
  desha      TEXT,  -- 'IN'
  anche_code TEXT   -- '577001'
) STRICT;
```

ಹುಡುಕುವಾಗ ನಂಬರನ್ನು ಕೋಟ್ ಒಳಗೇ ಬರೆಯಿರಿ. ಮೈಎಸ್‌ಕ್ಯೂಎಲ್‌ನಲ್ಲಿ ಅಕ್ಷರದ ಕಾಲಂ ಅನ್ನು ಕೋಟ್ ಇಲ್ಲದ ಸಂಖ್ಯೆಯ ಜೊತೆ ಹೋಲಿಸಿದರೆ ಅದು ಎಲ್ಲಾ ಸಾಲನ್ನೂ ಸಂಖ್ಯೆ ಮಾಡಿ ನೋಡುತ್ತೆ. ಬೇಗ ಹುಡುಕೋಕೆ ಅಂತ ಇಟ್ಟ ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲ. ಸೊನ್ನೆ ಇರುವುದೂ ಇಲ್ಲದ್ದೂ ಒಂದೇ ಅಂತ ಸಿಗುತ್ತೆ.

ಡೇಟಾಬೇಸ್ ಸರಿಯಿದ್ದರೂ ಎಕ್ಸೆಲ್ ದಾರಿಯಲ್ಲಿ ಹೋಗುತ್ತೆ

ಕಾಲಂ ಎಷ್ಟು ಸರಿಯಾಗಿದ್ದರೂ ಪಟ್ಟಿ ಒಂದಲ್ಲ ಒಂದು ದಿನ ಎಕ್ಸೆಲ್ ಮೂಲಕ ಹೋಗಿಬರುತ್ತೆ. ಸಾಫ್ಟ್‌ವೇರ್‌ನಿಂದ ಸಿಎಸ್‌ವಿ ಫೈಲ್ ತೆಗೆಯುತ್ತೀರಿ. ಆ ಫೈಲಿನಲ್ಲಿ ಸೊನ್ನೆ ಇದೆ. ನೋಟ್‌ಪ್ಯಾಡ್‌ನಲ್ಲಿ ತೆಗೆದರೆ ಕಾಣುತ್ತೆ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಎಕ್ಸೆಲ್‌ನಲ್ಲಿ ತೆರೆಯುತ್ತೆ. ತೆರೆಯುವಾಗಲೇ ಎಕ್ಸೆಲ್ ಅದನ್ನು ಸಂಖ್ಯೆ ಮಾಡಿರುತ್ತೆ. ಹಾಗೇ ಸೇವ್ ಮಾಡಿದರೆ ಫೈಲಿನಿಂದಲೂ ಸೊನ್ನೆ ಹೋಯಿತು. ಆಮೇಲೆ ಕಾಲಂ ಅನ್ನು Text ಅಂತ ಬದಲಿಸಿದರೆ ಏನೂ ಬರುವುದಿಲ್ಲ. ಹೋದ ಮೇಲೆ ಬಾಗಿಲು ಹಾಕಿದ ಹಾಗೆ.

+918192123456 ಅಂತ ಇಟ್ಟವರಿಗೆ ಇದಕ್ಕಿಂತ ಜಾಸ್ತಿ ನಷ್ಟ. ಎಕ್ಸೆಲ್ ಕೂಡಿಸುವ ಗುರುತನ್ನು ತೆಗೆದು 12 ಅಂಕಿಯ ಸಂಖ್ಯೆ ಮಾಡುತ್ತೆ. ಅಷ್ಟು ಉದ್ದದ್ದನ್ನು `9.18192E+11` ಅಂತ ತೋರಿಸುತ್ತೆ. ಆ ಸ್ಥಿತಿಯಲ್ಲೇ ಸಿಎಸ್‌ವಿಯಾಗಿ ಸೇವ್ ಮಾಡಿದರೆ ಫೈಲಿಗೆ ಹೋಗುವುದು ಕಂಡದ್ದೇ. ಕೊನೆಯ ಆರು ಅಂಕಿ, ಅಂದರೆ ಮನೆಯ ನಂಬರ್ ಪೂರ್ತಿ, ಹೋಯಿತು.

ಸರಿಯಾದ ಹೆಜ್ಜೆ ಹೀಗೆ. ಮೊದಲು ಖಾಲಿ ಹಾಳೆ ತೆಗೆಯಿರಿ. Data ಅಡಿಯಲ್ಲಿ From Text/CSV ಒತ್ತಿ ಫೈಲ್ ಆರಿಸಿ. Data Type Detection ಅನ್ನುವ ಕಡೆ Do not detect data types ಕೊಟ್ಟು Load ಒತ್ತಿ. ಆಗ ಎಲ್ಲವೂ ಅಕ್ಷರವಾಗಿಯೇ ಬರುತ್ತೆ. ಎಕ್ಸೆಲ್ 365 ಇದ್ದರೆ Options ಒಳಗೆ Data ಭಾಗದಲ್ಲಿ Remove leading zeros and convert to a number ಅಂತ ಒಂದು ಟಿಕ್ ಇದೆ. ಅದನ್ನು ತೆಗೆದುಬಿಡಿ. ಗೂಗಲ್ ಶೀಟ್ಸ್‌ನಲ್ಲಿ ಇಂಪೋರ್ಟ್ ಮಾಡುವಾಗ Convert text to numbers, dates, and formulas ಅನ್ನುವ ಟಿಕ್ ತೆಗೆಯಿರಿ.

ಗುರುತಿಸುವುದು ಸುಲಭ. ಸೆಲ್‌ನಲ್ಲಿ ಸಂಖ್ಯೆ ಬಲಕ್ಕೆ ಅಂಟಿಕೊಂಡಿರುತ್ತೆ, ಅಕ್ಷರ ಎಡಕ್ಕೆ. ಅಕ್ಷರವಾಗಿ ಇಟ್ಟ ನಂಬರಿನ ಮೂಲೆಯಲ್ಲಿ ಹಸಿರು ತ್ರಿಕೋನ ಬರುತ್ತೆ, "ಸಂಖ್ಯೆ ಮಾಡಲಾ" ಅಂತ ಕೇಳುತ್ತೆ. ಅದು ತಪ್ಪಿನ ಗುರುತಲ್ಲ. Convert to Number ಮಾತ್ರ ಒತ್ತಬೇಡಿ.

ಪೈಥಾನ್‌ನ ಪಾಂಡಾಸ್ ಬಳಸುವವರು `pd.read_csv("giraki.csv", dtype=str)` ಅಂತ ಓದಿದರೆ ಸಾಕು. ನಂಬರಿನ ಕೊನೆಗೆ `.0` ಅಂತ ಕಂಡರೆ, ಆ ಕಾಲಂ ಸಂಖ್ಯೆಯಾಗಿತ್ತು, ಅದರಲ್ಲಿ ಖಾಲಿ ಸೆಲ್ ಇತ್ತು ಅಂತ ಅರ್ಥ. ಅಲ್ಲಿ ಸೊನ್ನೆಯೂ ಹೋಗಿರುತ್ತೆ.

ಯಾರಿಗೆ ಯಾವುದು

ಬರೀ ಎಕ್ಸೆಲ್‌ನಲ್ಲೇ ಪಟ್ಟಿ ಇಡುವ ಅಂಗಡಿ, ಸಂಘ, ಮದುವೆ ಕರೆಯೋಲೆ ಹಂಚುವ ಮನೆಯವರಿಗೆ ಮೂರನೇ ದಾರಿ ಸಾಕು. ಟೈಪ್ ಮಾಡುವ ಮುಂಚೆಯೇ ಕಾಲಂ ಅನ್ನು Text ಮಾಡಿ. ಲ್ಯಾಂಡ್‌ಲೈನ್‌ಗೆ ಅಡ್ಡಗೆರೆ ಹಾಕಿ ಬರೆಯುವ ಹಳೇ ಅಭ್ಯಾಸ ಬಿಡಬೇಡಿ, ನಮ್ಮ ಅಂಗಡಿಯ ಸೊನ್ನೆಗಳನ್ನು ಉಳಿಸಿದ್ದು ಅದೇ.

ಎಸ್ಸೆಮ್ಮೆಸ್, ವಾಟ್ಸಾಪ್ ಕಳಿಸುವ ಸಾಫ್ಟ್‌ವೇರ್ ಇದ್ದರೆ ಫೋನ್‌ಗೆ ನಾಲ್ಕನೇ ದಾರಿಯೇ ಬೇಕು, ಮೂಲ ರೂಪವೂ ಜೊತೆಗಿರಲಿ. ಒಬ್ಬರೇ ಗಿರಾಕಿ ಎರಡು ಸಲ ಸೇರುವುದು ಅದರಿಂದಲೇ ತಪ್ಪುತ್ತೆ. ಅಂಚೆ ಕೋಡ್‌ಗೆ ಅಂಥ ಒಂದೇ ಅಚ್ಚು ಇಲ್ಲ. ಹಾಗಾಗಿ ಅದು ಬರೆದ ಹಾಗೇ ಅಕ್ಷರ, ಪಕ್ಕದಲ್ಲಿ ದೇಶದ ಕಾಲಂ ಕಡ್ಡಾಯ. "ನಮ್ಮ ಗಿರಾಕಿಗಳೆಲ್ಲ ಇಲ್ಲಿಯವರೇ" ಅನ್ನುವವರಿಗೂ ನಾನು ಇದನ್ನೇ ಹೇಳುತ್ತೇನೆ. ಮೊದಲ ಎರಡು ದಾರಿಗಳನ್ನು ಹೊಸ ಕೆಲಸಕ್ಕೆ ಆರಿಸಲು ನನಗೆ ಒಂದು ಕಾರಣವೂ ಸಿಕ್ಕಿಲ್ಲ.

ಹೋದ ಸೊನ್ನೆ ವಾಪಸ್ ತಂದ ಬಗೆ

ಕಾಲಂ ಅನ್ನು `TEXT` ಮಾಡಿದ ಕೂಡಲೇ ಹಳೇ ಸೊನ್ನೆ ಬರುವುದಿಲ್ಲ. ಮೊದಲು ಎಷ್ಟು ಹಾಳಾಗಿದೆ ಅಂತ ಅಳೆದೆ. ಎಕ್ಸೆಲ್‌ನಲ್ಲಿ `=LEN(C2)` ಹಾಕಿ ಉದ್ದದ ಪ್ರಕಾರ ಜೋಡಿಸಿದೆ. ಭಾರತದ ಪಿನ್ ಕೋಡ್‌ಗಳೆಲ್ಲ ಆರೇ ಇದ್ದವು, ಅವನ್ನು ಬಿಟ್ಟೆ. ಅಮೆರಿಕದ ಸಾಲುಗಳಲ್ಲಿ ನಾಲ್ಕು ಅಂಕಿ ಇದ್ದವು ಸಿಕ್ಕವು. ದೇಶ ಅಮೆರಿಕ ಅಂತ ಖಚಿತ ಇದ್ದ ಕಡೆ ಮಾತ್ರ `=TEXT(C2,"00000")` ಹಾಕಿ, ಬಂದದ್ದನ್ನು Paste Special ಒಳಗಿನ Values ಅಂತ ಪೇಸ್ಟ್ ಮಾಡಿ, ಅಕ್ಷರದ ಕಾಲಂಗೆ ತಂದೆ. ಅಲ್ಲಿ ಕೋಡ್ ಯಾವಾಗಲೂ ಐದು ಅಂಕಿ, ಹಾಗಾಗಿ ಸೊನ್ನೆ ಎಷ್ಟು ಅಂತ ಗೊತ್ತು. ಸೀರೆ ಪಾರ್ಸಲ್ ಅವತ್ತೇ ಹೊರಟಿತು.

ಫೋನ್‌ಗೆ ಅಂಥ ಸೂತ್ರ ಇಲ್ಲ. 8192, 8193, 8194, 8195ರಿಂದ ಶುರುವಾಗುವ ಹತ್ತಂಕಿಯ ಸಾಲುಗಳನ್ನೆಲ್ಲ ಬೇರೆ ತೆಗೆದೆ. ಇವು ಲ್ಯಾಂಡ್‌ಲೈನ್ ಇರಬಹುದು ಅನ್ನುವ ಅನುಮಾನ ಅಷ್ಟೇ, ಖಚಿತ ಅಲ್ಲ. ಊರಿನ ಕಾಲಂ ಜೊತೆ ತಾಳೆ ನೋಡಿದೆ. ಚಿತ್ರದುರ್ಗದ ಗಿರಾಕಿ, 8194ರಿಂದ ಶುರು ಅಂದರೆ ನಂಬಬಹುದು. ಊರು ಬೇರೆ ಇದ್ದರೆ ಪಕ್ಕಕ್ಕಿಟ್ಟೆ. ಪಕ್ಕಕ್ಕಿಟ್ಟವುಗಳ ಮುಂದೆ ಪ್ರಶ್ನೆ ಗುರುತು ಹಾಕಿ ಅಣ್ಣನ ಹತ್ತಿರ ಕೂತೆ. ಅವರು ಗಲ್ಲಾದ ಕೆಳಗಿನಿಂದ ಆ ರಟ್ಟಿನ ಪುಸ್ತಕ ತೆಗೆದರು. ಒಂದೊಂದೇ ಹೆಸರು ಓದಿದರು, ನಾನು ಸೊನ್ನೆ ಸೇರಿಸುತ್ತಾ ಹೋದೆ. ಪುಸ್ತಕದಲ್ಲೂ ಸಿಗದ ನಂಬರುಗಳನ್ನು ಅಳಿಸಲಿಲ್ಲ. `phone` ಕಾಲಂ ಖಾಲಿ ಬಿಟ್ಟು, ಇದ್ದದ್ದನ್ನು `phone_mula`ದಲ್ಲಿ ಹಾಗೇ ಇಟ್ಟಿದ್ದೇವೆ. ಆ ಗಿರಾಕಿ ಅಂಗಡಿಗೆ ಬಂದಾಗ ಬಿಲ್ಲಿನ ಪರದೆಯಲ್ಲಿ "ಫೋನ್ ನಂಬರ್ ಕೇಳಿ" ಅಂತ ಬರುತ್ತೆ.